ಪೇಪರ್ ಹಾಕುವ ಮೇಲ್: ಯಾವ ತಾರೀಖು ಬರೆಯಬೇಕು, ಏನನ್ನು ಬಿಡಬೇಕು

ಪ್ರಶ್ನೆ: ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಇಂಜಿನಿಯರ್ ಆಗಿದ್ದೇನೆ. 2021ರ ಆಗಸ್ಟ್ 16ಕ್ಕೆ ಸೇರಿದೆ. ಈಗ ಬೇರೆ ಕಡೆ ಆಫರ್ ಬಂದಿದೆ, 2026ರ ಆಗಸ್ಟ್ 3ಕ್ಕೆ ಬನ್ನಿ ಅಂತಿದ್ದಾರೆ. ನನ್ನ ನೋಟಿಸ್ ಪೀರಿಯಡ್ 90 ದಿನ. ಜೂನ್ 2ಕ್ಕೆ ಪೇಪರ್ ಹಾಕೋಣ ಅಂದುಕೊಂಡಿದ್ದೇನೆ. ಬೇಸಿಕ್ 60 ಸಾವಿರ, ಗ್ರಾಸ್ 1.40 ಲಕ್ಷ. "ನಾನು ಒಪ್ಪದೆ ಯಾರ ರಾಜೀನಾಮೆಯೂ ರಾಜೀನಾಮೆ ಅಲ್ಲ" ಅನ್ನೋದು ಮ್ಯಾನೇಜರ್ ಮಾತು. ಎರಡು ವರ್ಷದಿಂದ ಪ್ರಮೋಷನ್ ಕೊಡದೆ ಸತಾಯಿಸಿದ್ದಾರೆ, ಅದನ್ನೂ ಬರೆದುಬಿಡಬೇಕು ಅನಿಸುತ್ತೆ. ಆದರೆ ತಂಡದವರಿಂದ ತುಂಬಾ ಕಲಿತಿದ್ದೇನೆ. ನಾನು ನೋಡಿಕೊಳ್ಳುವ ಪೇಮೆಂಟ್ ಭಾಗ ಬೇರೆ ಯಾರಿಗೂ ಪೂರ್ತಿ ಗೊತ್ತಿಲ್ಲ, ಅವರನ್ನು ಕಷ್ಟಕ್ಕೆ ಸಿಕ್ಕಿಸಿ ಹೋಗಲು ಮನಸ್ಸಿಲ್ಲ. ಮೇಲ್ ಹೇಗೆ ಬರೆಯಲಿ?

ಉತ್ತರ: ಮೇಲ್‌ಗೆ ಕೈ ಹಾಕುವ ಮೊದಲು ನೀವು ಸೇರಿದ ದಿನಾಂಕವನ್ನು ಇನ್ನೊಮ್ಮೆ ನೋಡಿ. 2021ರ ಆಗಸ್ಟ್ 16ಕ್ಕೆ ಸೇರಿದವರಿಗೆ ಐದು ವರ್ಷ ತುಂಬುವುದು 2026ರ ಆಗಸ್ಟ್ 15ಕ್ಕೆ. ಹೊಸ ಕಂಪನಿ ಕೇಳುತ್ತಿರುವುದು ಆಗಸ್ಟ್ 3. ಅಂದರೆ ಐದು ವರ್ಷಕ್ಕೆ ಎರಡು ವಾರ ಬಾಕಿ ಇರುವಾಗ ನೀವು ಹೊರಗೆ ಬರುತ್ತೀರಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷದ ಸತತ ಸೇವೆ ಬೇಕು. 1972ರ ಕಾಯ್ದೆಯಲ್ಲಿ ಹೀಗೇ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹೀಗೇ ಇದೆ. ಹಾಗಾಗಿ ನಿಮ್ಮ ಮೇಲ್‌ನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಅಂದರೆ ಕೊನೆಯ ದಿನಾಂಕದ ಸಾಲು.

ಲೆಕ್ಕ ಹಾಕಿಯೇ ನೋಡೋಣ. ಗ್ರಾಚ್ಯುಟಿಯ ಸೂತ್ರ ಸರಳ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಬೇಸಿಕ್ 60,000 ಹಿಡಿದರೆ ಐದು ವರ್ಷಕ್ಕೆ ಸುಮಾರು 1,73,000 ರೂಪಾಯಿ. ಹೊಸ ಸಂಹಿತೆಯಲ್ಲಿ ವೇತನ ಅನ್ನುವ ಮಾತಿಗೆ ಅರ್ಥ ಹಿಗ್ಗಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವೂ ವೇತನಕ್ಕೆ ಸೇರುತ್ತದೆ. ನಿಮ್ಮ ಬೇಸಿಕ್ ಗ್ರಾಸ್‌ನ ಅರ್ಧಕ್ಕಿಂತ ಕಡಿಮೆ ಇರುವುದರಿಂದ ನಿಮಗೆ ಬರಬೇಕಾದ ಮೊತ್ತ ಇನ್ನೂ ಸ್ವಲ್ಪ ಜಾಸ್ತಿಯೇ ಇರಬಹುದು.

"ನಾಲ್ಕು ವರ್ಷ 240 ದಿನ ಆದರೆ ಸಾಕಂತೆ" ಅಂತ ಗೆಳೆಯರು ಹೇಳುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ಪೂರ್ತಿ ಆದಂತೆ ಅಂತ ಮದ್ರಾಸ್ ಹೈಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಎಷ್ಟೋ ಕಂಪನಿಗಳ ಪೇರೋಲ್‌ನವರು ಅದನ್ನು ತಾವಾಗಿಯೇ ಒಪ್ಪುವುದಿಲ್ಲ. ಐದು ವರ್ಷ ತುಂಬಿಲ್ಲ ಅಂತ ಸೊನ್ನೆ ಹಾಕಿ ಸೆಟ್ಲ್‌ಮೆಂಟ್ ಮುಗಿಸುತ್ತಾರೆ. ಆಮೇಲೆ ನೀವು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿಕೊಂಡು ಓಡಾಡಬೇಕು. ಎರಡು ವಾರ ಕಾದರೆ ತಾನಾಗಿ ಬರುವ ಹಣಕ್ಕೆ ವಾದ ಮಾಡುವ ಪರಿಸ್ಥಿತಿ ಯಾಕೆ ತಂದುಕೊಳ್ಳಬೇಕು?

ಇನ್ನು 90 ದಿನ. ಇದನ್ನು ತಪ್ಪಾಗಿ ಎಣಿಸುವವರೇ ಜಾಸ್ತಿ. ಜೂನ್ 2, ಮಂಗಳವಾರ ಮೇಲ್ ಕಳಿಸಿದರೆ ಸಾಮಾನ್ಯವಾಗಿ ಮರುದಿನದಿಂದ ಎಣಿಕೆ. ಜೂನ್‌ನಲ್ಲಿ 28, ಜುಲೈನಲ್ಲಿ 31, ಆಗಸ್ಟ್‌ನಲ್ಲಿ 31, ಒಟ್ಟು 90. ಕೊನೆಯ ದಿನ ಆಗಸ್ಟ್ 31, ಸೋಮವಾರ. ಕೆಲವು ಪೋರ್ಟಲ್‌ಗಳು ಕಳಿಸಿದ ದಿನವನ್ನೇ ಮೊದಲ ದಿನ ಅಂತ ಹಿಡಿದು 30 ಅಂತ ತೋರಿಸುತ್ತವೆ. ಲೆಟರ್‌ನಲ್ಲಿ "90 ದಿನ" ಬದಲು "ಮೂರು ತಿಂಗಳು" ಅಂತಿದ್ದರೆ ಸೆಪ್ಟೆಂಬರ್ 2ಕ್ಕೆ ಹೋಗುತ್ತದೆ. ಆದ್ದರಿಂದ ನೇಮಕಾತಿ ಪತ್ರ ತೆರೆದು ನಿಜವಾದ ಪದಗಳನ್ನು ಓದಿ. ಅಷ್ಟು ವರ್ಷದ ಹಿಂದೆ ಸಹಿ ಹಾಕಿದ್ದು, ನೆನಪಿನ ಮೇಲೆ ಬಿಡಬೇಡಿ. ಬಡ್ತಿ ಅಥವಾ ಇನ್‌ಕ್ರಿಮೆಂಟ್ ಪತ್ರದಲ್ಲಿ ನೋಟಿಸ್ ಬದಲಾಗಿರುವುದೂ ಉಂಟು.

ಅದೇ ಪತ್ರದಲ್ಲಿ ಇನ್ನೊಂದು ಸಾಲು ಹುಡುಕಿ. ನೋಟಿಸ್ ಕಡಿಮೆ ಆದರೆ ಹಣ ಕಟ್ಟಿ ಹೋಗುವುದು ನಿಮ್ಮ ಇಷ್ಟವೋ, ಕಂಪನಿಯ ಇಷ್ಟವೋ? "ಎರಡೂ ಕಡೆಯವರು 90 ದಿನ ಅಥವಾ ಅದಕ್ಕೆ ಬದಲಾಗಿ ಸಂಬಳ" ಅಂತಿದ್ದರೆ ನಿಮಗೂ ಆ ದಾರಿ ಇದೆ. "ಕಂಪನಿಯ ವಿವೇಚನೆಗೆ ಬಿಟ್ಟದ್ದು" ಅಂತಿದ್ದರೆ ಬೈಔಟ್ ನಿಮ್ಮ ಹಕ್ಕಲ್ಲ, ಬರೀ ವಿನಂತಿ. ಬೇಸಿಕ್ ಮೇಲೆ ಕಡಿತವೋ ಗ್ರಾಸ್ ಮೇಲೋ ಅನ್ನುವುದೂ ಅಲ್ಲೇ ಇರುತ್ತದೆ. ನೀವು ಜುಲೈ 31ಕ್ಕೆ ಹೊರಟರೆ 31 ದಿನ ಕಡಿಮೆ ಬೀಳುತ್ತದೆ. ಬೇಸಿಕ್ ಲೆಕ್ಕದಲ್ಲಿ 62,000, ಗ್ರಾಸ್ ಲೆಕ್ಕದಲ್ಲಿ ಸುಮಾರು 1,44,700. ಹೊಸ ಕಂಪನಿ "ನಾವು ಬೈಔಟ್ ಕೊಡ್ತೀವಿ" ಅಂದರೂ ಅವರು ಕೊಡುವುದು ಈ ಮೊತ್ತ ಮಾತ್ರ. ಅದು ಸಾಮಾನ್ಯವಾಗಿ ಸಂಬಳದ ಆದಾಯಕ್ಕೆ ಸೇರಿ ತೆರಿಗೆಗೆ ಬೀಳುತ್ತದೆ. ತಪ್ಪಿಹೋಗುವ ಗ್ರಾಚ್ಯುಟಿಯನ್ನು ಅವರು ತುಂಬಿಕೊಡುವುದಿಲ್ಲ.

ಅದಕ್ಕೇ ನಿಮ್ಮ ವಿಷಯದಲ್ಲಿ ನನ್ನ ಸಲಹೆ ಒಂದೇ: ಹಳೇ ಕಂಪನಿ ಜೊತೆ ದಿನ ಕಡಿಮೆ ಮಾಡಿಸಲು ಗುದ್ದಾಡುವ ಬದಲು ಹೊಸ ಕಂಪನಿಗೆ ಸೆಪ್ಟೆಂಬರ್ 1ಕ್ಕೆ ಬರುತ್ತೇನೆ ಅಂತ ಈಗಲೇ ಬರೆಯಿರಿ. ನಾಲ್ಕು ವಾರ ಮುಂದೂಡಲು ಮೊದಲೇ ಕೇಳಿದರೆ ಹೆಚ್ಚಿನ ಕಡೆ ಒಪ್ಪುತ್ತಾರೆ. ಜುಲೈ ಕೊನೆಗೆ ಕೇಳಿದರೆ ಸಿಟ್ಟಾಗುತ್ತಾರೆ. ಹೊಸ ದಿನಾಂಕ ಇರುವ ಆಫರ್ ಲೆಟರ್ ಕೈಗೆ ಬಂದ ಮೇಲೇ ಪೇಪರ್ ಹಾಕಿ. ಫೋನ್‌ನಲ್ಲಿ "ಆಯ್ತು ಬಿಡಿ, ನೋಡ್ಕೊಳ್ಳೋಣ" ಅಂದಿದ್ದನ್ನು ನಂಬಿ ಮೇಲ್ ಕಳಿಸಬೇಡಿ. ಅವರು ಒಪ್ಪಲೇ ಇಲ್ಲ ಅಂದರೆ ಎರಡು ಕಡೆಯ ಲೆಕ್ಕವನ್ನೂ ಮುಂದಿಟ್ಟುಕೊಂಡು ಸಂಬಳದ ಏರಿಕೆ ಈ ನಷ್ಟವನ್ನು ಎಷ್ಟು ತಿಂಗಳಲ್ಲಿ ತುಂಬುತ್ತದೆ ನೋಡಿ. ನಾಲ್ಕೈದು ತಿಂಗಳಲ್ಲಿ ತುಂಬುವುದಾದರೆ ಹೋಗುವುದೂ ತಪ್ಪಲ್ಲ.

ಈಗ ನಿಮ್ಮ ಮ್ಯಾನೇಜರ್ ಮಾತಿಗೆ ಬರೋಣ. ಖಾಸಗಿ ಕಂಪನಿಯಲ್ಲಿ ರಾಜೀನಾಮೆ ಅಂದರೆ ಒಪ್ಪಂದದಲ್ಲಿ ಹೇಳಿದಷ್ಟು ದಿನ ಮುಂಚೆ ನೋಟಿಸ್ ಕೊಡುವುದು. ನಿಮ್ಮ ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಪೂರ್ತಿ ನೋಟಿಸ್ ಮುಗಿಸಿದವರನ್ನು "ನಾನು ಅಪ್ರೂವ್ ಮಾಡಿಲ್ಲ" ಅಂತ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ ಒಬ್ಬ ವ್ಯಕ್ತಿಯ ಕೆಲಸದ ಒಪ್ಪಂದವನ್ನು ಕೋರ್ಟ್ ಕೂಡ ಬಲವಂತವಾಗಿ ಜಾರಿ ಮಾಡಿಸುವುದಿಲ್ಲ. ಮ್ಯಾನೇಜರ್ ಒಪ್ಪಿಗೆ ನಿಜವಾಗಿ ಬೇಕಾಗುವುದು ದಿನ ಕಡಿಮೆ ಮಾಡಿಸಿಕೊಳ್ಳುವಾಗ.

ಹಾಗಂತ ನೋಟಿಸ್ ಮುರಿದು ಹೋದರೆ ಏನೂ ಆಗಲ್ಲ ಅಂದುಕೊಳ್ಳಬೇಡಿ. ಕಂಪನಿ ನೋಟಿಸ್ ಹಣ ವಸೂಲಿಗೆ ಬರಬಹುದು. ಅದಕ್ಕಿಂತ ತಾಪತ್ರಯ ಅಂದರೆ ರಿಲೀವಿಂಗ್ ಲೆಟರ್ ನಿಲ್ಲುತ್ತದೆ, ದಾಖಲೆಯಲ್ಲಿ "ಹೇಳದೆ ಹೋದರು" ಅಂತ ಬೀಳುತ್ತದೆ. ಮುಂದೆ ಯಾವ ಕಂಪನಿಯವರು ಹಿನ್ನೆಲೆ ಪರಿಶೀಲನೆ ಮಾಡಿಸಿದರೂ ಆ ಮಾತೇ ಎದುರಿಗೆ ಬರುತ್ತದೆ.

ಮ್ಯಾನೇಜರ್‌ಗೆ ಮೊದಲು ಬಾಯಲ್ಲಿ ಹೇಳಿ, ಅದು ಮರ್ಯಾದೆ. ಆದರೆ ಬೆಳಗ್ಗೆ ಹೇಳಿದರೆ ಅದೇ ದಿನ ಸಂಜೆಯೊಳಗೆ ಮೇಲ್ ಹೋಗಬೇಕು. "ಈಗ ರಿಲೀಸ್ ಇದೆ, ಮುಂದಿನ ವಾರ ಕೂತು ಮಾತಾಡೋಣ, ಅಲ್ಲೀವರೆಗೆ ಪೇಪರ್ ಹಾಕಬೇಡಿ" ಅನ್ನುತ್ತಾರೆ. ಆ ವಾರ ಎರಡು ವಾರ ಆಗುತ್ತದೆ, ನಿಮ್ಮ 90 ದಿನ ಇನ್ನೂ ಶುರುವೇ ಆಗಿರುವುದಿಲ್ಲ. ಎಚ್‌ಆರ್ ಕೆಲಸದಲ್ಲಿ ನಾನು ಬಗೆಹರಿಸಲು ಕೂತ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲೇ: ನೌಕರರು ಹೇಳಿದ ದಿನದಿಂದ ಎಣಿಸುತ್ತಾರೆ, ಎಚ್‌ಆರ್ ಬರೆದ ದಿನದಿಂದ ಎಣಿಸುತ್ತದೆ. ಮೇಲ್ ಕಳಿಸಿದ ಮೇಲೂ ಕೂತು ಮಾತಾಡಬಹುದು ಅಂತ ನಗುತ್ತಲೇ ಹೇಳಿ. ಎಚ್‌ಆರ್ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕುವ ಪದ್ಧತಿ ಇದ್ದರೆ ಅದನ್ನೂ ಅದೇ ದಿನ ಮಾಡಿ. ಪೋರ್ಟಲ್ ತೋರಿಸುವ ಕೊನೆಯ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮೇಲ್ ಮ್ಯಾನೇಜರ್‌ಗೆ, ಸಿಸಿ ಎಚ್‌ಆರ್‌ಗೆ. ನೀವು ಬರೆಯುವುದು ಇಂಗ್ಲಿಷಿನಲ್ಲೇ ಇರುತ್ತದೆ, ಆದರೆ ಹೇಳಬೇಕಾದ್ದು ಇಷ್ಟು, ಇದೇ ಕ್ರಮದಲ್ಲಿ:

> ವಿಷಯ: ರಾಜೀನಾಮೆ, ಕೊನೆಯ ಕೆಲಸದ ದಿನ 31 ಆಗಸ್ಟ್ 2026
>
> ಸೀನಿಯರ್ ಇಂಜಿನಿಯರ್ ಹುದ್ದೆಗೆ ಈ ಮೂಲಕ ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದಂತೆ 90 ದಿನಗಳ ನೋಟಿಸನ್ನು ಇಂದು, 2 ಜೂನ್ 2026ರ ಈ ಮೇಲ್‌ನಲ್ಲಿ ಕೊಡುತ್ತಿದ್ದೇನೆ, ಎಣಿಕೆ ನಾಳೆಯಿಂದ. ನನ್ನ ಕೊನೆಯ ಕೆಲಸದ ದಿನ 31 ಆಗಸ್ಟ್ 2026. ನೋಟಿಸ್ ಅವಧಿಯನ್ನು ಪೂರ್ತಿ ಕೆಲಸ ಮಾಡಿ ಮುಗಿಸಲು ಸಿದ್ಧನಿದ್ದೇನೆ.
>
> ಐದು ವರ್ಷಗಳಲ್ಲಿ ಇಲ್ಲಿ ತುಂಬಾ ಕಲಿತೆ. ಪೇಮೆಂಟ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವಾಗ ಅದರ ಹೊಣೆಯನ್ನು ನನಗೆ ವಹಿಸಿದ್ದಕ್ಕೆ, ರಾತ್ರಿ ತೊಂದರೆ ಬಂದಾಗಲೆಲ್ಲ ಜೊತೆಗೆ ನಿಂತ ತಂಡಕ್ಕೆ ಧನ್ಯವಾದ.
>
> ನಾನು ನೋಡಿಕೊಳ್ಳುತ್ತಿರುವ ಕೆಲಸಗಳ ಪಟ್ಟಿ ಮತ್ತು ಹಸ್ತಾಂತರದ ಯೋಜನೆಯನ್ನು ಈ ಶುಕ್ರವಾರ, ಜೂನ್ 5ರೊಳಗೆ ಕಳಿಸುತ್ತೇನೆ. ಯಾರಿಗೆ ವಹಿಸಬೇಕು ಅಂತ ತಿಳಿಸಿದರೆ ಮುಂದಿನ ವಾರವೇ ಶುರು ಮಾಡಬಹುದು.
>
> ರಾಜೀನಾಮೆ ತಲುಪಿದೆ ಎಂದೂ ಕೊನೆಯ ದಿನಾಂಕ ಸರಿಯಿದೆ ಎಂದೂ ದಯವಿಟ್ಟು ಖಚಿತಪಡಿಸಿ.

"ಪೂರ್ತಿ ಕೆಲಸ ಮಾಡಿ ಮುಗಿಸಲು ಸಿದ್ಧನಿದ್ದೇನೆ" ಅನ್ನುವ ಸಾಲನ್ನು ಬಿಡಬೇಡಿ. ಪೇಮೆಂಟ್‌ನಂಥ ಸೂಕ್ಷ್ಮ ಭಾಗದಲ್ಲಿ ಇರುವವರನ್ನು ಕಂಪನಿ ತಾನಾಗಿಯೇ ಬೇಗ ಕಳಿಸುವುದೂ ಇದೆ. ಜುಲೈನಲ್ಲೇ "ನಾಳೆಯಿಂದ ಬರೋದು ಬೇಡ" ಅಂದರೆ ಎರಡು ಪ್ರಶ್ನೆ ಏಳುತ್ತವೆ: ಉಳಿದ ದಿನಗಳ ಸಂಬಳ ಯಾರು ಕೊಡಬೇಕು, ಸೇವೆಯ ಕೊನೆಯ ದಿನ ಯಾವುದು? ಬರೀ ಮನೆಯಲ್ಲಿ ಇರಿ ಅಂದು ಆಗಸ್ಟ್ 31ರವರೆಗೆ ಸಂಬಳ ಕೊಟ್ಟರೆ ಸೇವೆ ಮುಂದುವರಿಯುತ್ತದೆ, ಐದು ವರ್ಷವೂ ತುಂಬುತ್ತದೆ. ಆದರೆ ಹಣ ಕೊಟ್ಟು ಜುಲೈನಲ್ಲೇ ರಿಲೀವ್ ಮಾಡಿದರೆ ಗ್ರಾಚ್ಯುಟಿಯ ಪ್ರಶ್ನೆ ಮತ್ತೆ ಶುರು. ಅಂಥ ಮಾತು ಬಂದ ದಿನವೇ "ನನ್ನ ಕೊನೆಯ ದಿನ ಆಗಸ್ಟ್ 31 ಆಗಿಯೇ ಉಳಿಯುತ್ತದೆಯೇ?" ಅಂತ ಎಚ್‌ಆರ್‌ಗೆ ಬರೆದು ಕೇಳಿ.

ಬೇಗ ಬಿಡಿ ಅನ್ನುವ ಕೋರಿಕೆ ಇದ್ದರೂ ಅದು ಈ ಮೇಲ್‌ನಲ್ಲಿ ಇರಬಾರದು. ಇದು ನಿಮ್ಮ ವಿಷಯಕ್ಕೆ ಮಾತ್ರ ಅಲ್ಲ, ಎಲ್ಲರಿಗೂ ಹೇಳುತ್ತೇನೆ. ರಾಜೀನಾಮೆಯಲ್ಲೇ ಮುಂಚಿನ ದಿನಾಂಕ ಬರೆದರೆ ಕಂಪನಿ ಅದನ್ನೇ ನೀವು ಕೊಟ್ಟ ಕೊನೆಯ ದಿನ ಅಂತ ಹಿಡಿದು ಕಡಿತ ಹಾಕಬಹುದು. ಹಸ್ತಾಂತರ ಅರ್ಧ ಮುಗಿದ ಮೇಲೆ ಬೇರೆ ಮೇಲ್‌ನಲ್ಲಿ ಕೇಳಿದರೆ, ಬಿಟ್ಟರೂ ಕೆಲಸ ನಿಲ್ಲಲ್ಲ ಅಂತ ಅವರಿಗೂ ಕಾಣುತ್ತದೆ.

ಪ್ರಮೋಷನ್ ವಿಷಯ. ನಿಮ್ಮ ನೋವು ಸಣ್ಣದಲ್ಲ, ಎರಡು ವರ್ಷ ಕಾಯಿಸಿದ್ದು ಅನ್ಯಾಯವೇ ಇರಬಹುದು. ಆದರೂ ಅದನ್ನು ಈ ಮೇಲ್‌ನಲ್ಲಿ ಬರೆಯಬೇಡಿ. ಈ ಮೇಲ್ ನಿಮ್ಮ ಸೇವಾ ಕಡತದಲ್ಲಿ ಕೂರುತ್ತದೆ. ವರ್ಷಗಳ ನಂತರ ಯಾರೋ ನಿಮ್ಮ ಬಗ್ಗೆ ವಿಚಾರಿಸಿದಾಗ ಆ ಕಡತ ತೆಗೆಯುವ ಹೊಸ ಎಚ್‌ಆರ್‌ಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ, ಬರೀ ನಿಮ್ಮ ಸಿಟ್ಟು ಕಾಣುತ್ತದೆ. ಇನ್ನೂ ಮುಖ್ಯ ಅಂದರೆ, ನಿಮ್ಮ ಮುಂದಿನ 90 ದಿನಗಳ ರಜೆ, ಹಸ್ತಾಂತರದ ಸಹಿ ಎಲ್ಲವೂ ಅದೇ ಮ್ಯಾನೇಜರ್ ಕೈಯಲ್ಲಿವೆ. ಕೊನೆಯ ವಾರ ಎಕ್ಸಿಟ್ ಸಂದರ್ಶನ ಇರುತ್ತದೆ. ಅಲ್ಲಿ ದಿನಾಂಕ ಸಮೇತ ಹೇಳಿ: ಯಾವ ಅಪ್ರೈಸಲ್‌ನಲ್ಲಿ ಯಾವ ರೇಟಿಂಗ್ ಬಂತು, ಏನು ಭರವಸೆ ಕೊಟ್ಟರು, ಏನಾಯಿತು. ಒಂದು ವಿನಾಯಿತಿ ಇದೆ. ಕಿರುಕುಳ, ಸಂಬಳ ತಡೆದದ್ದು, ಬಲವಂತವಾಗಿ ರಾಜೀನಾಮೆ ಬರೆಸಿಕೊಂಡದ್ದು ಇಂಥದ್ದಾದರೆ ಸುಮ್ಮನೆ ಧನ್ಯವಾದ ಬರೆದು ಬರಬೇಡಿ. "ಸ್ವಂತ ಇಚ್ಛೆಯಿಂದ" ಅಂತ ಬರೆದ ಮೇಲ್ ಮುಂದೆ ನಿಮ್ಮ ದೂರಿಗೇ ಅಡ್ಡ ಬರುತ್ತದೆ. ಆಗ ಮೊದಲು ವಕೀಲರನ್ನು ನೋಡಿ.

ಧನ್ಯವಾದ ಎರಡು ಸಾಲು ಸಾಕು, ಆದರೆ ನಿಜವಾದದ್ದು ಇರಲಿ. ಹೆಸರು ತೆಗೆದರೆ ಯಾವ ಕಂಪನಿಗೂ ಕಳಿಸಬಹುದಾದ ಸಾಲನ್ನು ಯಾರೂ ಓದುವುದಿಲ್ಲ. ಮ್ಯಾನೇಜರ್ ಬಗ್ಗೆ ಒಳ್ಳೆಯ ಮಾತು ಬಾಯಿಗೆ ಬರಲ್ಲ ಅಂದರೆ ಹೊಗಳಬೇಡಿ, ಸಿಕ್ಕ ಕೆಲಸದ ಬಗ್ಗೆ, ತಂಡದ ಬಗ್ಗೆ ಹೇಳಿ. ನಿಮಗೆ ಕಲಿಸಿದವರಿಗೆ ಕೊನೆಯ ವಾರ ಒಬ್ಬೊಬ್ಬರಿಗೇ ಬೇರೆ ಬೇರೆ ಬರೆಯಿರಿ. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ರಾಜೀನಾಮೆಯಲ್ಲಿ ಬರೆಯುವ ಅಗತ್ಯ ಇಲ್ಲ.

ಹಸ್ತಾಂತರದ ಬಗ್ಗೆ ನೀವು ಯೋಚಿಸುತ್ತಿರುವುದು ನೋಡಿ ಖುಷಿಯಾಯಿತು, ಏಕೆಂದರೆ ಹೋದವರ ಹಿಂದೆ ಬೈಗುಳ ಹೊರಡುವುದು ಹೆಚ್ಚಾಗಿ ಇಲ್ಲಿಂದಲೇ. ಕೆಟಿ ಅಂದರೆ ಹತ್ತು ವಿಡಿಯೊ ಕಾಲ್ ರೆಕಾರ್ಡ್ ಮಾಡಿಡುವುದು ಅಂತ ಆಗಿಬಿಟ್ಟಿದೆ. ಆ ರೆಕಾರ್ಡಿಂಗ್‌ಗಳನ್ನು ಆಮೇಲೆ ಯಾರೂ ತೆರೆಯುವುದಿಲ್ಲ. ನಿಜವಾಗಿ ಕೈ ಕೊಡುವುದು ಬೇರೆಯೇ: ನಿಮ್ಮ ಹೆಸರಿನಲ್ಲಿ ಓಡುತ್ತಿರುವ ಸಂಗತಿಗಳು. ಎಂದೋ ಅವಸರದಲ್ಲಿ ನಿಮ್ಮ ಟೋಕನ್ ಹಾಕಿ ಬಿಲ್ಡ್ ಓಡಿಸಿರುತ್ತೀರಿ. ಆಗಸ್ಟ್ 31ರ ಸಂಜೆ ನಿಮ್ಮ ಖಾತೆ ಮುಚ್ಚುತ್ತಾರೆ, ಸೆಪ್ಟೆಂಬರ್ 1ರ ಬೆಳಗ್ಗೆ ಬಿಲ್ಡ್ ನಿಲ್ಲುತ್ತದೆ. ಸೆಟ್ಲ್‌ಮೆಂಟ್ ಫೈಲ್ ಕಳಿಸುವ ಜಾಬ್ ನಿಮ್ಮ ಲಾಗಿನ್‌ನಲ್ಲಿ ಇದ್ದರೆ ಅದೂ ನಿಲ್ಲುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಮೊದಲ ವಾರವೇ ಇವನ್ನು ಹುಡುಕಿ. ರೆಪೊದಲ್ಲಿ ಮತ್ತು ಸರ್ವರ್‌ನಲ್ಲಿ ಶುರು ಮಾಡಲು ಇಷ್ಟು ಸಾಕು, `your.login` ಇರುವಲ್ಲಿ ನಿಮ್ಮ ಲಾಗಿನ್ ಹಾಕಿ:

```
git grep -n "your.login"
crontab -l
```

ಮೊದಲನೆಯದು ಕೋಡ್ ಮತ್ತು ಸೆಟ್ಟಿಂಗ್ ಫೈಲ್‌ಗಳಲ್ಲಿ ನಿಮ್ಮ ಹೆಸರು ಎಲ್ಲೆಲ್ಲಿದೆ ಅಂತ ತೋರಿಸುತ್ತದೆ. ಎರಡನೆಯದು ಆ ಸರ್ವರ್‌ನಲ್ಲಿ ನಿಮ್ಮ ಖಾತೆಯಿಂದ ವೇಳೆಗೆ ಸರಿಯಾಗಿ ಓಡುವ ಜಾಬ್‌ಗಳನ್ನು. ಟೋಕನ್ ಇಟ್ಟಿರುವ ಜಾಗ, ಪೇಮೆಂಟ್ ಗೇಟ್‌ವೇ ಡ್ಯಾಶ್‌ಬೋರ್ಡ್‌ನ ಅಡ್ಮಿನ್, ಸರ್ಟಿಫಿಕೇಟ್ ಮುಗಿಯುವ ಎಚ್ಚರಿಕೆ ಯಾರ ಮೇಲ್‌ಗೆ ಬರುತ್ತದೆ, ಒಟಿಪಿ ಯಾರ ಫೋನಿಗೆ ಬರುತ್ತದೆ, ಇವನ್ನು ಕೈಯಾರೆ ಹುಡುಕಬೇಕು. ಎಲ್ಲವನ್ನೂ ತಂಡದ ಹೆಸರಿನ ಸರ್ವಿಸ್ ಖಾತೆಗೆ ಬದಲಿಸಿ. ಪರೀಕ್ಷೆಗೆ ಒಳ್ಳೆಯ ದಾರಿ ಒಂದಿದೆ: ಆಗಸ್ಟ್ ಎರಡನೇ ವಾರದಲ್ಲಿ, ತಂಡಕ್ಕೆ ಹೇಳಿ, ನಿಮ್ಮ ಟೋಕನ್‌ಗಳನ್ನು ನೀವೇ ರದ್ದು ಮಾಡಿ. ಏನಾದರೂ ಮುರಿದರೆ ಸರಿಮಾಡಲು ನೀವಿನ್ನೂ ಅಲ್ಲೇ ಇರುತ್ತೀರಿ.

ಕಲಿಸುವ ಕ್ರಮವೂ ತಿರುವುಮುರುವಾಗಲಿ. ಜೂನ್‌ನಲ್ಲಿ ನೀವು ಮಾಡಿ, ಅವರು ನೋಡಲಿ. ಜುಲೈನಲ್ಲಿ ಅವರು ಮಾಡಲಿ, ನೀವು ಪಕ್ಕದಲ್ಲಿರಿ. ಆಗಸ್ಟ್‌ನಲ್ಲಿ ಒಂದು ಪೂರ್ತಿ ರಿಲೀಸ್ ಮತ್ತು ಒಂದು ವಾರದ ಆನ್-ಕಾಲ್ ಅವರೊಬ್ಬರೇ ನಿಭಾಯಿಸಲಿ. ಆ ವಾರ ಅವರು ನಿಮಗೆ ಕೇಳುವ ಪ್ರಶ್ನೆಗಳನ್ನೆಲ್ಲ ಬರೆದಿಡಿ. ನಿಮ್ಮ ದಾಖಲೆಯಲ್ಲಿ ಇಲ್ಲದ್ದು ಏನು ಅಂತ ಆ ಪ್ರಶ್ನೆಗಳೇ ಹೇಳುತ್ತವೆ. ಬದಲಿ ಜನ ಕೊಡಲು ಕಂಪನಿ ತಡ ಮಾಡಿದರೆ ಅದು ನಿಮ್ಮ ನೋಟಿಸ್ ಉದ್ದ ಮಾಡಲು ಕಾರಣ ಅಲ್ಲ. "ಯಾರಿಗೆ ವಹಿಸಲಿ?" ಅಂತ ಎರಡು ವಾರಕ್ಕೊಮ್ಮೆ ಒಂದು ಸಾಲಿನ ಮೇಲ್ ಕಳಿಸುತ್ತಿರಿ, ಮುಂದೆ "ಹಸ್ತಾಂತರ ಮಾಡಲಿಲ್ಲ" ಅಂದರೆ ಅದೇ ಉತ್ತರ. ನೋಟಿಸ್‌ನಲ್ಲಿ ಉದ್ದ ರಜೆ ಹಾಕುವ ಮೊದಲು ನಿಯಮ ಓದಿ, ಕೆಲವು ಕಡೆ ರಜೆಯಷ್ಟೇ ದಿನ ಕೊನೆಯ ದಿನಾಂಕವನ್ನು ಮುಂದೂಡುತ್ತಾರೆ.

ನೆನಪಿಗೆ ಅಂತ ಒಂದು ಸಾಲು ಕೋಡನ್ನೂ ನಿಮ್ಮ ಸ್ವಂತ ಮೇಲ್‌ಗೋ ಡ್ರೈವ್‌ಗೋ ಕಳಿಸಿಕೊಳ್ಳಬೇಡಿ. ಪೇಪರ್ ಹಾಕಿದವರ ಲ್ಯಾಪ್‌ಟಾಪ್ ಮೇಲೆ ಹೆಚ್ಚು ನಿಗಾ ಇರುತ್ತದೆ, ಒಳ್ಳೆಯ ಉದ್ದೇಶದಿಂದ ಮಾಡಿದ್ದೂ ಕಳ್ಳತನದಂತೆ ಕಾಣುತ್ತದೆ. ನಿಮಗೆ ಬೇಕಾದ್ದು ನಿಮ್ಮ ಕಾಗದಗಳು: ನೇಮಕಾತಿ ಪತ್ರ, ಇನ್‌ಕ್ರಿಮೆಂಟ್ ಪತ್ರಗಳು, ಎಲ್ಲ ತಿಂಗಳ ಪೇಸ್ಲಿಪ್, ಫಾರ್ಮ್ 16, ರಾಜೀನಾಮೆ ಮೇಲ್ ಮತ್ತು ಅದಕ್ಕೆ ಬಂದ ಉತ್ತರ. ಪೋರ್ಟಲ್ ಮುಚ್ಚುವ ಮೊದಲೇ ಇವನ್ನು ಇಳಿಸಿಕೊಳ್ಳಿ.

ಹೊರಬಂದ ಮೇಲೆ ಗ್ರಾಚ್ಯುಟಿ 30 ದಿನದೊಳಗೆ ಬರಬೇಕು. ಇಪಿಎಫ್‌ಒ ಪೋರ್ಟಲ್‌ನಲ್ಲಿ ನಿಮ್ಮ ಕೆಲಸ ಬಿಟ್ಟ ದಿನಾಂಕ ಆಗಸ್ಟ್ 31 ಅಂತಲೇ ಬಿದ್ದಿದೆಯಾ ನೋಡಿ, ಅದು ಖಾಲಿ ಉಳಿದರೆ ಪಿಎಫ್ ವರ್ಗಾವಣೆ ಸಿಕ್ಕಿಹಾಕಿಕೊಳ್ಳುತ್ತದೆ. ರಿಲೀವಿಂಗ್ ಲೆಟರ್‌ನಲ್ಲೂ ಅದೇ ದಿನಾಂಕ ಇರಬೇಕು. ಸೆಟ್ಲ್‌ಮೆಂಟ್ ಹಾಳೆ ಬಂದಾಗ ಗ್ರಾಚ್ಯುಟಿ, ಉಳಿದ ರಜೆಯ ಹಣ, ನೋಟಿಸ್ ಕಡಿತ ಈ ಮೂರು ಸಾಲುಗಳನ್ನು ಸಹಿ ಹಾಕುವ ಮೊದಲು ಓದಿ. ಲೆಕ್ಕ ತಪ್ಪಿದ್ದರೆ "ಪೂರ್ತಿ ಹಣ ಬಂದಿದೆ" ಅನ್ನುವ ಕಾಗದಕ್ಕೆ ಸಹಿ ಹಾಕದೆ, ತಪ್ಪಿರುವ ಸಾಲನ್ನು ತೋರಿಸಿ ಎಚ್‌ಆರ್‌ಗೆ ಮೇಲ್ ಬರೆಯಿರಿ.